ಊಟದ ಬಿಡುವಿನಲ್ಲಿ ವ್ಯಾಯಾಮ: ಮ್ಯಾನೇಜರ್‌ಗೆ ಮೇಲ್ ಬರೆಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಕುಶಾಲನಗರದ ಒಂದು ಕಾಫಿ ಖರೀದಿ ಕಚೇರಿಯಲ್ಲಿ ಆಡಳಿತದ ಕೆಲಸ ನೋಡಿಕೊಳ್ಳುತ್ತೇನೆ. ರಜೆ, ಹಾಜರಾತಿ, ಸಮಯ ಬದಲಾವಣೆಯ ಮೇಲ್‌ಗಳೆಲ್ಲ ನನ್ನ ಕಣ್ಣು ದಾಟಿಯೇ ಹೋಗುತ್ತವೆ. ಈಚೆಗೆ ಹೆಚ್ಚು ಬರುತ್ತಿರುವುದು ಒಂದೇ ಬಗೆಯ ಕೋರಿಕೆ: ಮಧ್ಯಾಹ್ನ ಊಟದ ಹೊತ್ತನ್ನು ಸ್ವಲ್ಪ ಹಿಂದೆ ಮುಂದೆ ಮಾಡಿಕೊಟ್ಟರೆ ನಡೆದು ಬರುತ್ತೇನೆ ಎನ್ನುವುದು. ಕೇಳುವವರ ಮನಸ್ಸು ಒಳ್ಳೆಯದೇ, ಮೇಲ್ ಮಾತ್ರ ಸರಿಯಾಗಿ ಬಂದಿರುವುದಿಲ್ಲ. ನಮ್ಮ ಕೌಂಟರ್‌ನಲ್ಲಿ ಬಿಲ್ ಬರೆಯುವ ಸಹೋದ್ಯೋಗಿಯೊಬ್ಬಳು ಕಳೆದ ಆಗಸ್ಟ್‌ನಲ್ಲಿ "ಅಕ್ಕ, ಕಳಿಸೋ ಮೊದಲು ಒಂದ್ಸಲ ನೋಡಿಕೊಡಿ" ಎಂದು ತಂದ ಮೇಲ್ ಇಟ್ಟುಕೊಂಡೇ ಇಲ್ಲಿನ ಪ್ರಶ್ನೆಗಳಿಗೆ ಉತ್ತರ ಬರೆದಿದ್ದೇನೆ. ಅವಳ ಒಪ್ಪಿಗೆ ಇದೆ.

ಮೇಲ್‌ನಲ್ಲಿ ನಿಜವಾಗಿ ಏನನ್ನು ಕೇಳಬೇಕು?

ಗಡಿಯಾರದ ಹೊತ್ತನ್ನು ಕೇಳಿ. ಅವಳ ಮೊದಲ ಕರಡಿನಲ್ಲಿ "ಊಟದ ಸಮಯದಲ್ಲಿ ಸ್ವಲ್ಪ ಹೊಂದಾಣಿಕೆ ಮಾಡಿಕೊಟ್ಟರೆ ಉಪಕಾರವಾಗುತ್ತದೆ" ಎಂದಿತ್ತು. ಓದಲು ವಿನಯವಾಗಿದೆ. ಆದರೆ ಮ್ಯಾನೇಜರ್ ಅದಕ್ಕೆ ಹೂಂ ಎಂದರೆ ಯಾವುದಕ್ಕೆ ಹೂಂ ಎಂದ ಹಾಗಾಯಿತು? ದಿನಾ ಹೋಗುತ್ತಾಳೋ, ವಾರಕ್ಕೆ ಎರಡು ದಿನವೋ, ಅರ್ಧ ಗಂಟೆಯೋ, ಎರಡು ಗಂಟೆಯೋ, ಆ ಹೊತ್ತಿಗೆ ಬೆಳೆಗಾರರು ಮೂಟೆ ಇಳಿಸಿಕೊಂಡು ನಿಂತರೆ ತೂಕದ ಚೀಟಿ ಬರೆಯುವವರು ಯಾರು? ಒಂದಕ್ಕೂ ಉತ್ತರವಿಲ್ಲದ ಮೇಲ್‌ಗೆ ಬರುವ ಉತ್ತರ "ನೋಡೋಣ" ಅಷ್ಟೇ.

ನಾಲ್ಕು ಸಂಗತಿ ಇದ್ದರೆ ಮೇಲ್ ನಿಲ್ಲುತ್ತದೆ: ಯಾವ ದಿನಗಳು, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿಗೆ, ಹೆಚ್ಚಾದ ನಿಮಿಷಗಳನ್ನು ಎಲ್ಲಿ ತುಂಬಿಕೊಡುತ್ತೀರಿ, ನೀವಿಲ್ಲದಾಗ ಜಾಗದಲ್ಲಿ ಯಾರಿರುತ್ತಾರೆ. ಉಳಿದದ್ದೆಲ್ಲ ಮರ್ಯಾದೆಯ ಮಾತು. ಅದೂ ಬೇಕು, ಆದರೆ ಎರಡು ಸಾಲು ಸಾಕು.

ಒಂದು ಗಂಟೆ ಬಿಡುವು ಇದ್ದೇ ಇದೆಯಲ್ಲ, ಅದರಲ್ಲೇ ನಡೆದು ಬರಬಾರದೇ?

ಮ್ಯಾನೇಜರ್ ಕೇಳುವ ಮೊದಲ ಪ್ರಶ್ನೆಯೂ ಇದೇ. ಹಾಗಾಗಿ ಬರೆಯುವ ಮೊದಲು ಒಂದು ದಿನ ಕೈಗಡಿಯಾರ ನೋಡಿಕೊಂಡು ನಿಜವಾಗಿ ಮಾಡಿ ನೋಡಿ. ನಾವಿಬ್ಬರೂ ಒಂದು ಶನಿವಾರ ಮಾಡಿದೆವು. ಬಿಲ್ ಪುಸ್ತಕ ಒಳಗಿಟ್ಟು, ಚಪ್ಪಲಿ ಬಿಟ್ಟು ಶೂ ಹಾಕಿ ಗೇಟು ದಾಟುವಷ್ಟರಲ್ಲಿ 10 ನಿಮಿಷ. ಮೈದಾನಕ್ಕೆ ಹೋಗಿ ಸುತ್ತು ಹಾಕಿ ಗೇಟಿಗೆ ಮರಳುವವರೆಗೆ ಬಿರುಸಿನ ನಡಿಗೆ 35 ನಿಮಿಷ. ಮುಖ, ಕುತ್ತಿಗೆ ತೊಳೆದು, ಬೆವರು ಆರಿಸಿ, ಕುಪ್ಪಸ ಬದಲಿಸಲು 10. ಡಬ್ಬಿ ಬಿಚ್ಚಿ ನೆಮ್ಮದಿಯಾಗಿ ಉಣ್ಣಲು 20. ಒಟ್ಟು 75 ನಿಮಿಷ.

ಗಂಟೆಯೊಳಗೇ ಮುಗಿಸುತ್ತೇನೆಂದು ಹೊರಟವರು ಊಟವನ್ನೇ 5 ನಿಮಿಷಕ್ಕೆ ಇಳಿಸುತ್ತಾರೆ, ಇಲ್ಲವೇ ದಿನಾ 10-15 ನಿಮಿಷ ತಡವಾಗಿ ಬರುತ್ತಾರೆ. ಕೇಳದೆ ತೆಗೆದುಕೊಂಡ ಆ 15 ನಿಮಿಷಕ್ಕಿಂತ ಕೇಳಿ ಪಡೆದ 15 ನಿಮಿಷ ಎಷ್ಟೋ ಮೇಲು.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರತಂದ ಮಾರ್ಗಸೂಚಿಯ ಪ್ರಕಾರ ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಬಿರುಸಿನ ಚಟುವಟಿಕೆ ಬೇಕು. ಮಧ್ಯಮ ಬಿರುಸು ಎಂದರೆ ನಡೆಯುತ್ತಾ ಮಾತಾಡಬಹುದು, ಹಾಡಲು ಉಸಿರು ಸಾಲದು. ಮೂರು ದಿನ 35ರಂತೆ 105 ನಿಮಿಷ, ಭಾನುವಾರ ಮನೆಯ ಹತ್ತಿರ 45. ಲೆಕ್ಕ ಸರಿಹೋಯಿತು. ಐದೂ ದಿನ ಬಿಡುವು ಕೇಳುವ ಅಗತ್ಯವೇ ಇರಲಿಲ್ಲ. ಮೂರೇ ದಿನ ಕೇಳಿದ್ದರಿಂದ ಮ್ಯಾನೇಜರ್‌ಗೂ ಭಾರವಾಗಲಿಲ್ಲ.

ಬೆಳಗ್ಗೆ ಬೇಗ ಬಂದು, ಊಟಕ್ಕೆ ತಡವಾಗಿ ಹೋಗುತ್ತೇನೆ ಎಂದರೆ ಆಗದೇ?

ಆಗುತ್ತದೆ, ಆದರೆ ಇಲ್ಲಿ ಒಂದು ಮಿತಿ ಇದೆ. ಹೆಚ್ಚಿನವರು ಎಡವುವುದು ಇಲ್ಲೇ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಮ್ಮಂಥ ಕಚೇರಿಗಳಿಗೆ ಅನ್ವಯಿಸುವುದು ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961. ಅದರಂತೆ ಯಾವ ನೌಕರರಿಂದಲೂ ಬಿಡುವಿಲ್ಲದೆ ಒಂದೇ ಸಮನೆ 5 ಗಂಟೆಗಿಂತ ಹೆಚ್ಚು ಕೆಲಸ ಮಾಡಿಸುವಂತಿಲ್ಲ. ಅಷ್ಟರೊಳಗೆ ಕನಿಷ್ಠ ಒಂದು ಗಂಟೆಯ ಬಿಡುವು ಕೊಡಬೇಕು. ಕಾರ್ಖಾನೆ, ತೋಟ, ಸರ್ಕಾರಿ ಕಚೇರಿಗಳ ನಿಯಮ ಬೇರೆ. ಅಲ್ಲಿರುವವರು ತಮ್ಮ ಕಡೆಯದನ್ನು ವಿಚಾರಿಸಿಕೊಳ್ಳಿ. ವ್ಯಾಯಾಮಕ್ಕೆಂದು ಬಿಡುವು ಪಡೆಯುವ ಹಕ್ಕನ್ನು ಈ ಕಾಯ್ದೆ ಕೊಡುವುದಿಲ್ಲ, ಅದು ಮ್ಯಾನೇಜರ್ ಮನಸ್ಸು ಮಾಡಿ ಕೊಡಬೇಕಾದದ್ದು. ಆದರೆ ಅವರು ಮನಸ್ಸು ಮಾಡಿದರೂ 5 ಗಂಟೆಯ ಗೆರೆ ದಾಟಲು ಬರುವುದಿಲ್ಲ.

ಅವಳ ಎರಡನೇ ಕರಡಿನಲ್ಲಿ ಬೆಳಗ್ಗೆ 8.30ಕ್ಕೆ ಬಂದು 2 ಗಂಟೆಗೆ ಊಟಕ್ಕೆ ಹೋಗುತ್ತೇನೆ ಎಂದಿತ್ತು. ಎಣಿಸಿ ನೋಡಿ, ಐದೂವರೆ ಗಂಟೆಯಾಯಿತು. ಇಂಥದ್ದಕ್ಕೆ ಸಹಿ ಹಾಕಿದರೆ ನಾಳೆ ಕಾರ್ಮಿಕ ನಿರೀಕ್ಷಕರಿಗೆ ಉತ್ತರ ಕೊಡಬೇಕಾದವರು ಮ್ಯಾನೇಜರ್. ಒಳ್ಳೆಯ ಮನಸ್ಸಿನ ಕೋರಿಕೆ ಈ ಒಂದು ಕಾರಣಕ್ಕೇ ಬಿದ್ದುಹೋಗುತ್ತಿತ್ತು.

ಕಚೇರಿಯ ಹೊತ್ತು 9ರಿಂದ 6, ಊಟ 1ರಿಂದ 2, ಅಂದರೆ ಕೆಲಸ 8 ಗಂಟೆ. ಸಂಜೆ ಕೂತು ತುಂಬಿಕೊಡೋಣವೆಂದರೆ ಅವಳ ಊರಿನ ಬಸ್ಸು 6.15ಕ್ಕೆ. ಹಾಗಾಗಿ ಬೆಳಗ್ಗೆಯೇ 15 ನಿಮಿಷ ಬೇಗ, 8.45ಕ್ಕೆ ಬರುವುದು. 8.45ರಿಂದ 1.45ಕ್ಕೆ ಸರಿಯಾಗಿ 5 ಗಂಟೆ. 1.45ರಿಂದ 3ರವರೆಗೆ 75 ನಿಮಿಷದ ಬಿಡುವು. 3ರಿಂದ 6ಕ್ಕೆ ಮೂರು ಗಂಟೆ. ಕೆಲಸ ಅದೇ 8 ಗಂಟೆ, ಬಸ್ಸೂ ತಪ್ಪುವುದಿಲ್ಲ. ನಿಮ್ಮ ಕಚೇರಿಯ ಹೊತ್ತು ಬೇರೆ ಇದ್ದರೆ ಕಾಗದದ ಮೇಲೆ ಹೀಗೇ ಒಮ್ಮೆ ಕೂಡಿಸಿ ನೋಡಿ.

ನಾನಿಲ್ಲದಾಗ ಕೌಂಟರ್ ನೋಡಿಕೊಳ್ಳುವವರ ವಿಷಯ ಮೇಲ್‌ನಲ್ಲಿ ಬೇಕೇ?

ಬೇಕು. ಅದಕ್ಕೂ ಮೊದಲು ಆ ವ್ಯಕ್ತಿಯ ಹತ್ತಿರ ಕೂತು ಮಾತಾಡಿರಬೇಕು. ಮೇಲ್‌ನಲ್ಲಿ ತನ್ನ ಹೆಸರು ನೋಡಿ ಆಗಲೇ ಗೊತ್ತಾಗುವ ಹಾಗೆ ಮಾಡಿದರೆ ಸ್ನೇಹ ಕೆಡುತ್ತದೆ.

ನಮ್ಮಲ್ಲಿ ಕೌಂಟರ್‌ನ ಇಬ್ಬರೂ ಒಟ್ಟಿಗೆ 1 ಗಂಟೆಗೆ ಊಟಕ್ಕೆ ಏಳುತ್ತಿದ್ದರು, 2ರವರೆಗೆ ಬಾಗಿಲು ಅರ್ಧ ಎಳೆದಿರುತ್ತಿತ್ತು. ಬೆಳಗ್ಗೆ ಜೀಪು ಹತ್ತಿ ದೂರದಿಂದ ಬಂದ ಬೆಳೆಗಾರರು ತೇವಾಂಶ ನೋಡಿಸಿ, ತೂಕ ಹಾಕಿಸಿ, ಬಿಲ್ಲಿಗೆ ಬರುವ ಹೊತ್ತಿಗೆ ಸರಿಯಾಗಿ 1 ಗಂಟೆ! ವಯಸ್ಸಾದವರೂ ಬೆಂಚಿನ ಮೇಲೆ ಕಾಯುತ್ತಿದ್ದರು. ಹೊಸ ಏರ್ಪಾಡಿನಲ್ಲಿ ಇನ್ನೊಬ್ಬರು 12.45ಕ್ಕೆ ಹೋಗಿ 1.45ಕ್ಕೆ ಬರುತ್ತಾರೆ, ಆಮೇಲೆ ಇವಳು ಹೋಗುತ್ತಾಳೆ. ಕೌಂಟರ್ ಮುಚ್ಚುವುದೇ ಇಲ್ಲ. ಮ್ಯಾನೇಜರ್ ಮೇಲ್ ಓದಿ ನನ್ನನ್ನು ಕರೆದು ಕೇಳಿದ್ದು ವ್ಯಾಯಾಮದ ವಿಷಯವನ್ನಲ್ಲ, ಈ ಸಾಲನ್ನು. ನಿಮ್ಮ ಕೋರಿಕೆಯಿಂದ ಕಚೇರಿಗೂ ಒಂದು ಅನುಕೂಲ ಹುಟ್ಟುತ್ತಿದ್ದರೆ ಅದನ್ನು ಹೇಳಲು ಸಂಕೋಚ ಬೇಡ. ಹುಟ್ಟದಿದ್ದರೆ ಇಲ್ಲದ್ದನ್ನು ಕಟ್ಟಿ ಹೇಳಲೂ ಬೇಡಿ.

ಪೂರ್ತಿ ಮೇಲ್ ಹೇಗಿರಬೇಕು, ಒಂದು ಮಾದರಿ ಕೊಡುತ್ತೀರಾ?

ಅವಳು ಕೊನೆಗೆ ಕಳಿಸಿದ್ದು ಇದು. ಸಹೋದ್ಯೋಗಿಯ ಹೆಸರನ್ನು ಮಾತ್ರ ತೆಗೆದಿದ್ದೇನೆ.

> ವಿಷಯ: ವಾರಕ್ಕೆ ಮೂರು ದಿನ ಊಟದ ಬಿಡುವಿನ ಸಮಯ ಬದಲಾವಣೆ – ನಾಲ್ಕು ವಾರಗಳ ಮಟ್ಟಿಗೆ ಅನುಮತಿ ಕೋರಿ
>
> ಸರ್, ನಮಸ್ಕಾರ.
>
> ದಿನವಿಡೀ ಕುಳಿತು ಮಾಡುವ ಕೆಲಸವಾದ್ದರಿಂದ ನಿಯಮಿತವಾಗಿ ನಡೆಯಬೇಕೆಂದು ನಿರ್ಧರಿಸಿದ್ದೇನೆ. ಮನೆ ತೋಟದ ಒಳಗಿರುವುದರಿಂದ ಬೆಳಗ್ಗೆ, ಸಂಜೆ ಕತ್ತಲಲ್ಲಿ ಹೊರಗೆ ನಡೆಯಲು ಆಗುತ್ತಿಲ್ಲ. ಆದ್ದರಿಂದ ಊಟದ ಬಿಡುವಿನಲ್ಲಿ ನಡೆಯಲು ತಮ್ಮ ಅನುಮತಿ ಕೋರುತ್ತೇನೆ.
>
> ಸೋಮವಾರ, ಬುಧವಾರ, ಶುಕ್ರವಾರ ಈ ಮೂರು ದಿನ ನನ್ನ ಊಟದ ಬಿಡುವು 1ರಿಂದ 2ರ ಬದಲು 1.45ರಿಂದ 3ರವರೆಗೆ ಇರಲಿ ಎಂದು ಕೇಳಿಕೊಳ್ಳುತ್ತೇನೆ. ಹೆಚ್ಚಾಗುವ 15 ನಿಮಿಷಕ್ಕೆ ಬದಲಾಗಿ ಆ ದಿನಗಳಲ್ಲಿ ಬೆಳಗ್ಗೆ 8.45ಕ್ಕೆ ಕೆಲಸಕ್ಕೆ ಕೂರುತ್ತೇನೆ. ಒಟ್ಟು ಕೆಲಸ 8 ಗಂಟೆಯೇ ಇರುತ್ತದೆ.
>
> ನಾನಿಲ್ಲದ ಹೊತ್ತಿನಲ್ಲಿ ಕೌಂಟರ್ ನೋಡಿಕೊಳ್ಳಲು ... ಅವರು ಒಪ್ಪಿದ್ದಾರೆ. ಅವರು 12.45ರಿಂದ 1.45ರವರೆಗೆ ಊಟ ಮುಗಿಸುತ್ತಾರೆ. ಇದರಿಂದ ಮಧ್ಯಾಹ್ನ ಕೌಂಟರ್ ಮುಚ್ಚಬೇಕಾಗುವುದಿಲ್ಲ. ಸಂತೆಯ ದಿನವನ್ನು ಸೇರಿಸಿಲ್ಲ. ಲೋಡ್ ಬರುವ ದಿನ ಅಥವಾ ತಾವು ಇರಬೇಕೆಂದು ಹೇಳಿದ ದಿನ ಕಚೇರಿಯಲ್ಲೇ ಇರುತ್ತೇನೆ.
>
> ಸೆಪ್ಟೆಂಬರ್ ಮೊದಲ ವಾರದಿಂದ ನಾಲ್ಕು ವಾರ ಹೀಗೆ ಮಾಡಿ ನೋಡಲು ಅವಕಾಶ ಕೊಡಿ. ಕೆಲಸಕ್ಕೆ ತೊಂದರೆ ಕಂಡರೆ ನಡುವೆಯೇ ಹಳೆಯ ಸಮಯಕ್ಕೆ ಮರಳುತ್ತೇನೆ. ತಮಗೆ ಬೇರೆ ದಿನ ಅಥವಾ ಹೊತ್ತು ಅನುಕೂಲವಾದರೆ ದಯವಿಟ್ಟು ತಿಳಿಸಿ.
>
> ವಂದನೆಗಳೊಂದಿಗೆ,
> (ಹೆಸರು, ವಿಭಾಗ)

"ನಾಲ್ಕು ವಾರಗಳ ಮಟ್ಟಿಗೆ" ಎಂಬ ಮಾತು ತುಂಬ ಕೆಲಸ ಮಾಡುತ್ತದೆ. ಶಾಶ್ವತವಾಗಿ ಕೊಡಲು ಹಿಂಜರಿಯುವವರೂ ನಾಲ್ಕು ವಾರಕ್ಕೆ ಒಪ್ಪುತ್ತಾರೆ. ಆ ದಿನವೇ ಬಂದ ಉತ್ತರ ಹೀಗಿತ್ತು: "ಆಗಬಹುದು. ಶುಕ್ರವಾರ ಪೇಮೆಂಟ್ ದಿನ, ಅದರ ಬದಲು ಗುರುವಾರ ತೆಗೆದುಕೊಳ್ಳಿ." ಖಚಿತವಾಗಿ ಕೇಳಿದ್ದಕ್ಕೆ ಖಚಿತವಾದ ಉತ್ತರ ಬಂತು.

"ಮಾನ್ಯರೇ" ಎನ್ನಬೇಕೋ "ಸರ್" ಎನ್ನಬೇಕೋ? ಕನ್ನಡದಲ್ಲೇ ಬರೆದರೆ ನಡೆಯುತ್ತದೆಯೇ?

ಎದುರಿಗೆ ಸಿಕ್ಕಾಗ ಹೇಗೆ ಕರೆಯುತ್ತೀರೋ ಹಾಗೇ ಬರೆಯಿರಿ. ದಿನಾ "ಮೇಡಂ" ಎನ್ನುವವರು ಮೇಲ್‌ನಲ್ಲಿ ಇದ್ದಕ್ಕಿದ್ದಂತೆ "ಮಾನ್ಯರೇ, ಈ ಮೂಲಕ ವಿನಂತಿಸಿಕೊಳ್ಳುವುದೇನೆಂದರೆ" ಎಂದು ತೊಡಗಿದರೆ ಏನೋ ದೂರು ಬಂದಂತೆ ಕಾಣುತ್ತದೆ. ಹೊರಗೆ "ಅಣ್ಣ" ಎನ್ನುವಷ್ಟು ಸಲುಗೆ ಇದ್ದರೂ ಮೇಲ್‌ನಲ್ಲಿ "ಸರ್" ಇರಲಿ, ಏಕೆಂದರೆ ಅದು ಹಾಜರಾತಿಯ ಕಡತಕ್ಕೂ ಹೋಗುತ್ತದೆ. ಕಚೇರಿಯಲ್ಲಿ ಯಾವ ಭಾಷೆಯಲ್ಲಿ ಮೇಲ್ ಓಡಾಡುತ್ತದೋ ಅದೇ ಭಾಷೆ. ಮುಖ್ಯ ಕಚೇರಿ ಬೆಂಗಳೂರಿನಲ್ಲಿದ್ದು ಅಲ್ಲಿಗೂ ಹೋಗಬೇಕಿದ್ದರೆ ಇಂಗ್ಲಿಷ್.

ಬೆಳಗ್ಗೆ ಎದ್ದು ನಡೆಯಬಹುದಲ್ಲ ಎಂದು ಕೇಳಿದರೆ?

ಸಿಟ್ಟಾಗದೆ ಇದ್ದದ್ದನ್ನು ಹೇಳಿ. ಪೇಟೆಯಲ್ಲಿ ಮನೆ ಇದ್ದು ಬರೀ ನಿದ್ದೆಯ ಸಮಸ್ಯೆಯಾದರೆ ಮ್ಯಾನೇಜರ್ ಹೇಳಿದ್ದು ಸರಿ, ಬೆಳಗ್ಗೆಯೇ ಹೋಗಿ. ಆದರೆ ನಮ್ಮ ಜಿಲ್ಲೆಯಲ್ಲಿ ಬಹಳ ಜನ ಕಚೇರಿಗೆ ಬರುವುದು ತೋಟದೊಳಗಿನ ಮನೆಗಳಿಂದ. ಕಾಡಾನೆಗಳು ಮುಂಜಾನೆ, ಮುಸ್ಸಂಜೆಯಲ್ಲೇ ತೋಟದ ದಾರಿಗಳಲ್ಲಿ ಓಡಾಡುವುದು. ಇವಳ ಮನೆಯ ಹತ್ತಿರದ ಕಾಲುದಾರಿಯಲ್ಲಿ ಬೆಳಗ್ಗೆ ಹೊಸ ಲದ್ದಿ ಕಂಡರೆ ಹಾಲು ತರುವವರೂ ಬೆಳಕು ಹರಿಯುವವರೆಗೆ ಕಾಯುತ್ತಾರೆ. ಬೆಳಕು ಹರಿದ ಮೇಲೆ ಅಡುಗೆ, ಡಬ್ಬಿ, ಬಸ್ಸು. ಸಂಜೆ ಇಳಿಯುವಾಗ ಮತ್ತೆ ಕತ್ತಲು. ಕೊಡಗಿನಲ್ಲಿ ಬೆಳೆದ ಯಾವ ಮ್ಯಾನೇಜರ್‌ಗೂ ಇದನ್ನು ಎರಡು ಸಲ ಹೇಳಬೇಕಾಗಿಲ್ಲ. ಹೊರಗಿನಿಂದ ಬಂದವರಾದರೆ ಒಂದು ಸಾಲು ಬರೆಯಿರಿ, ಸಾಕು.

ಶುಗರ್, ಬಿಪಿ ವಿವರ ಬರೆಯಬೇಕೇ?

ಬೇಡ ಎಂದೇ ನನ್ನ ಅಭಿಪ್ರಾಯ. ಹಿಂದೆ ಬೇರೊಂದು ಕಡೆ ಕೆಲಸದಲ್ಲಿದ್ದಾಗ ನಾನು ಇಂಥದೇ ಕೋರಿಕೆಯ ಜೊತೆ ರಕ್ತಪರೀಕ್ಷೆಯ ವರದಿಯನ್ನೂ ಲಗತ್ತಿಸಿದ್ದೆ. ಮೇಲ್ ಮೂವರ ಕೈ ದಾಟಿತು, ವಾರದೊಳಗೆ ನನ್ನ ಶುಗರ್ ಎಷ್ಟೆಂದು ಇಡೀ ಕಚೇರಿಗೆ ಗೊತ್ತಿತ್ತು. ತುಂಬ ನೋವಾಯಿತು. "ಆರೋಗ್ಯದ ದೃಷ್ಟಿಯಿಂದ" ಎಂಬ ಒಂದು ಮಾತು ಸಾಕು. ವೈದ್ಯರೇ ನಡೆಯಲು ಹೇಳಿದ್ದರೆ "ವೈದ್ಯರ ಸಲಹೆಯಂತೆ" ಎನ್ನಿ, ಚೀಟಿ ಕೇಳಿದರೆ ಮಾತ್ರ ತೋರಿಸಿ.

ಶುಗರ್‌ಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಮ್ಯಾನೇಜರ್‌ಗಿಂತ ಮೊದಲು ವೈದ್ಯರನ್ನು ಕೇಳಬೇಕು. ಊಟವನ್ನು 1ರಿಂದ 2.40ಕ್ಕೆ ತಳ್ಳಿ, ನಡುವೆ ನಡೆದರೆ ಶುಗರ್ ತೀರ ಇಳಿಯಬಹುದು. ಕೈನಡುಕ, ತಣ್ಣನೆಯ ಬೆವರು, ತಲೆ ಹಗುರಾದಂತೆ ಆಗುವುದು ಅದರ ಲಕ್ಷಣ. ಹಾಗಾದರೆ ಅಲ್ಲೇ ಕುಳಿತು ಸಕ್ಕರೆ ಅಥವಾ ಸಿಹಿ ಪಾನಕ ತೆಗೆದುಕೊಳ್ಳಬೇಕು, ನಡಿಗೆ ಮುಂದುವರಿಸಬಾರದು.

ಊಟ ಮಾಡಿ ನಡೆಯಬೇಕೋ, ನಡೆದು ಬಂದು ಊಟ ಮಾಡಬೇಕೋ?

ಬಿರುಸಿನ ನಡಿಗೆಯಾದರೆ ಮೊದಲು ನಡಿಗೆ. ಹೊಟ್ಟೆ ತುಂಬ ಅನ್ನ ಸಾರು ಉಂಡು ತಕ್ಷಣ ಜೋರಾಗಿ ನಡೆದರೆ ಹೊಟ್ಟೆ ಹಿಡಿಯುತ್ತದೆ, ಹುಳಿತೇಗು ಬರುತ್ತದೆ. ಊಟವಾದ ಮೇಲೆ ಹತ್ತು ನಿಮಿಷ ನಿಧಾನವಾಗಿ ಅಡ್ಡಾಡುವುದು ಬೇರೆ ಮಾತು, ಅದು ಒಳ್ಳೆಯದೇ, ಅದಕ್ಕೆ ಯಾರ ಅನುಮತಿಯೂ ಬೇಡ. ಬೆಳಗ್ಗೆ ಏಳಕ್ಕೆ ರೊಟ್ಟಿ ತಿಂದು ಬಂದವರಿಗೆ ಒಂದೂಮುಕ್ಕಾಲರವರೆಗೆ ಹೊಟ್ಟೆ ತಡೆಯುವುದಿಲ್ಲ. ಹನ್ನೆರಡರ ಸುಮಾರಿಗೆ ಒಂದು ಬಾಳೆಹಣ್ಣು ತಿಂದರೆ ಸರಿಹೋಗುತ್ತದೆ.

ಮಳೆಗಾಲದಲ್ಲಿ ಏನು ಮಾಡುವುದು?

ಇದನ್ನು ಮೇಲ್ ಬರೆಯುವ ಮೊದಲೇ ಯೋಚಿಸಿ, ಯಾಕೆಂದರೆ ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ. ಕುಶಾಲನಗರದ ಕಡೆ ಕಡಿಮೆ, ಮಡಿಕೇರಿಯಲ್ಲಿ ಬಿಡದೆ ಸುರಿಯುತ್ತದೆ. ಜೂನ್‌ನಲ್ಲಿ ಅನುಮತಿ ಪಡೆದು ಮೂರು ವಾರ ಹೊರಗೆ ಕಾಲಿಡಲಾಗದಿದ್ದರೆ ನಿಮ್ಮ ನಾಲ್ಕು ವಾರ ವ್ಯರ್ಥ. ಮಳೆಯ ದಿನ ಮಹಡಿ ಮೆಟ್ಟಿಲು ಹತ್ತಿಳಿಯಬಹುದು, ಆದರೆ ಒದ್ದೆ ಕಾಲಿನವರು ಓಡಾಡಿದ ಮೆಟ್ಟಿಲು ಜಾರುತ್ತದೆ. ಗೋಡೌನ್ ಒಳಗೆ ಬೇಡ, ಮೂಟೆಗಳ ದೂಳು ಉಸಿರಿಗೆ ಹೋಗುತ್ತದೆ. ಹುಲ್ಲು ಬೆಳೆದ ಅಂಚಿನಲ್ಲಿ ನಡೆದರೆ ಜಿಗಣೆ ಹತ್ತುತ್ತದೆ, ಶೂ ಒಳಗೆ ರಕ್ತ ಕಂಡಾಗಲೇ ಗೊತ್ತಾಗುವುದು. ನಡೆಯಲಾಗದ ದಿನ 1.45ರ ಬಿಡುವನ್ನು ಒಂದು ಗಂಟೆಯೊಳಗೇ ಮುಗಿಸಿ 2.45ಕ್ಕೆ ಕೌಂಟರ್‌ಗೆ ಬನ್ನಿ. ಇವಳು ಹಾಗೇ ಮಾಡಿದ್ದನ್ನು ಎಲ್ಲರೂ ಗಮನಿಸಿದರು.

ಮೇಲ್ ಕಳಿಸಿ ವಾರವಾಯಿತು, ಉತ್ತರವಿಲ್ಲ. ಹೋಗಲು ಶುರು ಮಾಡಲೇ?

ಬೇಡ. ಉತ್ತರ ಬಾರದಿರುವುದು ಒಪ್ಪಿಗೆಯಲ್ಲ. ಐದು ಕೆಲಸದ ದಿನ ಕಾದು, ಅವರು ಬಿಡುವಾಗಿರುವ ಹೊತ್ತು ನೋಡಿ ಬಾಗಿಲಲ್ಲಿ ನಿಂತು "ಸರ್, ಊಟದ ಟೈಮ್ ಬಗ್ಗೆ ಒಂದು ಮೇಲ್ ಹಾಕಿದ್ದೆ, ನೋಡಿದ್ರಾ?" ಎಂದು ಕೇಳಿ. ಬಾಯಿಮಾತಿನಲ್ಲಿ ಒಪ್ಪಿದರೆ ಅದೇ ಮೇಲ್‌ಗೆ "ತಾವು ಇಂದು ತಿಳಿಸಿದಂತೆ ಸೋಮವಾರದಿಂದ ಪ್ರಾರಂಭಿಸುತ್ತೇನೆ" ಎಂದು ಒಂದು ಸಾಲು ಸೇರಿಸಿ ಕಳಿಸಿ. ಮ್ಯಾನೇಜರ್ ವರ್ಗವಾದರೆ ಹೊಸಬರಿಗೆ ತೋರಿಸಲು ಅದೊಂದೇ ಇರುವುದು.

ಆಗುವುದಿಲ್ಲ ಎಂದರೆ ಯಾವುದು ಅಡ್ಡಿ ಎಂದು ಕೇಳಿ: ದಿನವೋ, ಹೊತ್ತೋ, ಕೌಂಟರೋ? ದಿನ ಅಥವಾ ಹೊತ್ತಾದರೆ ಬದಲಿಸಬಹುದು. ಜನವೇ ಕಡಿಮೆ ಇದ್ದರೆ ಈಗ ಬಿಟ್ಟು, ಹೊಸಬರು ಸೇರಿದ ಮೇಲೆ ಕೇಳಿ.

ಅನುಮತಿ ಸಿಕ್ಕ ಮೇಲೆ ಎಲ್ಲಿ ತೊಂದರೆಯಾಗುತ್ತದೆ?

ಹೆಬ್ಬೆಟ್ಟಿನ ಯಂತ್ರದಲ್ಲಿ. ಮೊದಲ ವಾರ ಅವಳ ಹಾಜರಾತಿಯಲ್ಲಿ 45 ನಿಮಿಷ ಕಡಿತ ಬಂತು. ಯಂತ್ರಕ್ಕೆ ಗೊತ್ತಿದ್ದದ್ದು 60 ನಿಮಿಷದ ಬಿಡುವು, 9 ಗಂಟೆಯ ಆರಂಭ. ಬೇಗ ಬಂದ 15 ನಿಮಿಷವನ್ನು ಅದು ಲೆಕ್ಕಕ್ಕೇ ಹಿಡಿಯಲಿಲ್ಲ, ತಡವಾದ 15ನ್ನು ಮಾತ್ರ ಮೂರು ದಿನವೂ ಕಳೆಯಿತು. ಆ ಮೂರು ದಿನಗಳಿಗೆ ಬೇರೆ ಶಿಫ್ಟ್ ಹಾಕಿದ ಮೇಲೆ ಸರಿಹೋಯಿತು. ಹಾಗಾಗಿ ಒಪ್ಪಿಗೆಯ ಮೇಲ್ ಬಂದ ದಿನವೇ ಅದನ್ನು ಹಾಜರಾತಿ ನೋಡುವವರಿಗೆ ಕಳಿಸಿ. ನಮ್ಮಲ್ಲಿ ಅದು ನನ್ನದೇ ಕೆಲಸವಾಗಿತ್ತು, ನಾನು ಮೊದಲ ದಿನವೇ ಮಾಡಬೇಕಿತ್ತು.

ಎರಡನೆಯದು, 3 ಗಂಟೆ ಎಂದದ್ದು 3.05 ಆಗುವುದು. ಎರಡನೇ ವಾರ ಎರಡು ಸಲ ಹಾಗಾಯಿತು, ಬಚ್ಚಲಿನ ಮುಂದೆ ಕಾಯಬೇಕಾಗಿ ಬಂದಿತ್ತು. ಅವಳು ಇನ್ನೈದು ನಿಮಿಷ ಕೊಡಿ ಎಂದು ಕೇಳಲಿಲ್ಲ, ನಡಿಗೆಯನ್ನು 30ಕ್ಕೆ ಇಳಿಸಿ ಭಾನುವಾರದ್ದನ್ನು ಒಂದು ಗಂಟೆ ಮಾಡಿಕೊಂಡಳು.

ನಾಲ್ಕು ವಾರ ಮುಗಿದ ಮೇಲೆ?

ಅವರು ಕೇಳುವ ಮೊದಲೇ ಬರೆಯಿರಿ. ಅವಳು ಬರೆದದ್ದು ನಾಲ್ಕೇ ಸಾಲು: "ಸರ್, ತಾವು ಅನುಮತಿಸಿದ 12 ದಿನಗಳಲ್ಲಿ 9 ದಿನ ನಡೆದಿದ್ದೇನೆ. ಎರಡು ದಿನ ಮಳೆ, ಒಂದು ದಿನ ಲೋಡ್ ಇದ್ದುದರಿಂದ ಹೋಗಲಿಲ್ಲ. ಎರಡು ಸಲ 5 ನಿಮಿಷ ತಡವಾಗಿದೆ, ಮೂರನೇ ವಾರದಿಂದ ಅದನ್ನು ಸರಿಪಡಿಸಿಕೊಂಡಿದ್ದೇನೆ. ನವೆಂಬರ್ ಕೊನೆಯವರೆಗೆ ಮುಂದುವರಿಸಲು ಅನುಮತಿ ಕೋರುತ್ತೇನೆ, ಡಿಸೆಂಬರ್‌ನಿಂದ ಕಾಫಿ ಸೀಸನ್ ಮುಗಿಯುವವರೆಗೆ ಹಳೆಯ ಸಮಯಕ್ಕೆ ಬರುತ್ತೇನೆ."

ಕೊಯ್ಲು ಶುರುವಾದ ಮೇಲೆ ಲಾರಿಗಳು ಸಾಲುಗಟ್ಟಿ ನಿಲ್ಲುವಾಗ ಈ ಏರ್ಪಾಡು ನಡೆಯುವುದಿಲ್ಲವೆಂದು ಅವಳಿಗೂ ಗೊತ್ತಿತ್ತು, ಮ್ಯಾನೇಜರ್‌ಗೂ ಗೊತ್ತಿತ್ತು. ಅವಳೇ ಹೇಳಿದ್ದರಿಂದ ಅವರು ಹೇಳಬೇಕಾಗಲಿಲ್ಲ. ಒಪ್ಪಿಗೆಯ ಜೊತೆ ಅವರು ಇನ್ನೊಂದು ಸಾಲು ಬರೆದರು: ಊಟದ ಹೊತ್ತಿನಲ್ಲಿ ಕೌಂಟರ್ ತೆರೆದಿಡುವ ಏರ್ಪಾಡು ಉಳಿದ ದಿನಗಳಿಗೂ ಇರಲಿ, ಇಬ್ಬರೂ ಸರದಿ ಮಾಡಿಕೊಳ್ಳಿ ಎಂದು.